ತಾಳೆಯಾಗದ ನಾಲ್ಕು ಸಾಲು

ನಮ್ಮ ಸಂಘದ ಲೆಕ್ಕ ಬರೆಯುವ ಹೆಣ್ಣುಮಗಳು ಮೂರು ತಿಂಗಳು ಸಂಬಳವಿಲ್ಲದೆ ದುಡಿದಳು. ಎರಡು ಪುಸ್ತಕಗಳ ಲೆಕ್ಕ ತಾಳೆಯಾಗದ್ದರ ಪರಿಣಾಮವನ್ನು ಅನುಭವಿಸಿದವಳು ಅವಳೊಬ್ಬಳೇ. ಹಿಂದೂಪುರದ ಹುಣಸೆ ಮಂಡಿಯ ಯಜಮಾನರಿಗೆ ಒಂದು ಹೊತ್ತಿನ ಕಾಫಿಯೂ ತಪ್ಪಲಿಲ್ಲ. ಕಲ್ಯಾಣದುರ್ಗದ ನಮ್ಮ ಸಂಘದ ಆಡಳಿತ ಮಂಡಳಿಯಲ್ಲಿ ಐವರು ಹೆಂಗಸರಿದ್ದೇವೆ. ನಮ್ಮ ಐವರಲ್ಲಿ ಯಾರಿಗೂ ನಿದ್ದೆ ಕೆಡಲಿಲ್ಲ. ಸಂಬಳ ತಡೆಹಿಡಿಯುವ ನಿರ್ಣಯಕ್ಕೆ ಎತ್ತಿದ ಐದು ಕೈಗಳಲ್ಲಿ ಒಂದು ನನ್ನದು.

ಸಂಘವೆಂದರೆ ದೊಡ್ಡದೇನಲ್ಲ. ಮೂವತ್ತು ಹೆಂಗಸರು ಸೇರಿ ಹುಣಸೆ ತೊಕ್ಕು, ಉಪ್ಪಿನಕಾಯಿ, ಸಾರಿನ ಪುಡಿ ಮಾಡಿ ಮಾರುತ್ತೇವೆ. ಹುಣಸೆಹಣ್ಣು ಹಿಂದೂಪುರದ ಮಂಡಿಯಿಂದ ಲಾರಿಯಲ್ಲಿ ಬರುತ್ತದೆ. ಹಣ ತಿಂಗಳಿಗೊಮ್ಮೆಯೋ ಎರಡು ಸಲವೋ ಬ್ಯಾಂಕಿನ ಮೂಲಕ ಹೋಗುತ್ತದೆ. ನಾನು ತೊಕ್ಕು ಅರೆಯುವುದಿಲ್ಲ. ನಾನು ಗೌರವ ಸಲಹೆಗಾರ್ತಿ. ಅರ್ಜಿ ಬರೆಯುವುದು, ಧರಣಿಗೆ ಜನ ಕೂಡಿಸುವುದು, ಅಧಿಕಾರಿಗಳಿಗೆ ನಿಯಮ ಓದಿ ಹೇಳುವುದು ನನ್ನ ಕೆಲಸ. ನಾನು ಓದಿದ ಶಾಲೆಯಲ್ಲಿ ಪರೀಕ್ಷೆಯಿರಲಿಲ್ಲ; ಮರದ ಕೆಳಗೆ ಕುಳಿತು ಪ್ರಶ್ನೆ ಕೇಳುವುದನ್ನು ಕಲಿಸುತ್ತಿದ್ದರು. ಆ ಶಾಲೆಗೆ ನಾನು ಇಂದಿಗೂ ಕೃತಜ್ಞಳು. ಆದರೆ ಲೆಕ್ಕದ ಪುಸ್ತಕ ಓದುವುದನ್ನು ಅಲ್ಲಿ ಇಷ್ಟವಿದ್ದವರು ಮಾತ್ರ ಕಲಿಯಬಹುದಿತ್ತು, ಮತ್ತು ನನಗೆ ಇಷ್ಟವಿರಲಿಲ್ಲ.

ಲೆಕ್ಕದವಳು ನೇಕಾರರ ಮನೆಯವಳು. ಹಿಂದೂಪುರದ ಕಡೆ ಹುಟ್ಟಿ, ಕಲ್ಯಾಣದುರ್ಗಕ್ಕೆ ಸೊಸೆಯಾಗಿ ಬಂದವಳು. ವಯಸ್ಸು ಮೂವತ್ತೈದರ ಆಚೀಚೆ. ತಿಂಗಳಿಗೆ ಆರು ಸಾವಿರ ಕೊಡುತ್ತಿದ್ದೆವು. ಅದನ್ನು ಸಂಬಳ ಎನ್ನದೆ ಗೌರವಧನ ಎನ್ನುತ್ತಿದ್ದೆವು. ಕಡಿಮೆ ಕೊಡುವುದಕ್ಕೆ ನಮ್ಮಂಥ ಸಂಸ್ಥೆಗಳು ಕಂಡುಕೊಂಡಿರುವ ಮರ್ಯಾದಸ್ಥ ಪದ ಅದು.

ಅಕ್ಟೋಬರಿನಲ್ಲಿ ಮಂಡಿಯಿಂದ ವಾಟ್ಸಾಪಿನಲ್ಲಿ ಒಂದು ಸ್ಟೇಟ್‌ಮೆಂಟ್ ಬಂತು. ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ನಮಗೆ ಕಳಿಸಿದ ಸರಕಿನ ಬಿಲ್ಲುಗಳು, ನಾವು ಕಟ್ಟಿದ ಹಣ, ಕೊನೆಯಲ್ಲಿ ನಮ್ಮಿಂದ ಬರಬೇಕಾದ ಬಾಕಿ: ಒಂದು ಲಕ್ಷ ಅರವತ್ತಮೂರು ಸಾವಿರದ ನಾನೂರ ಐವತ್ತು. ಅದೇ ಸೆಪ್ಟೆಂಬರ್ ಕೊನೆಗೆ ನಮ್ಮ ಖಾತೆ ಪುಸ್ತಕದಲ್ಲಿ ಮಂಡಿಗೆ ಕೊಡಬೇಕಾದದ್ದು ಒಂದು ಲಕ್ಷ ಹನ್ನೆರಡು ಸಾವಿರದ ಆರುನೂರ ಐವತ್ತು. ವ್ಯತ್ಯಾಸ ಐವತ್ತು ಸಾವಿರದ ಎಂಟುನೂರು.

ಆಡಳಿತ ಮಂಡಳಿಯ ಸಭೆಯಲ್ಲಿ ನಾವು ಎರಡೂ ಕಾಗದಗಳ ಕೊನೆಯ ಸಾಲನ್ನು ಮಾತ್ರ ನೋಡಿದೆವು. ಮೇಲಿನ ಸಾಲುಗಳು ಸಣ್ಣ ಅಕ್ಷರದಲ್ಲಿದ್ದವು.

"ಐವತ್ತು ಸಾವ್ರ ಅಂದ್ರೆ ಎಷ್ಟು ಡಬ್ಬಿ ತೊಕ್ಕು ಕಣಮ್ಮಾ!" ಎಂದರು ನಮ್ಮ ಅಧ್ಯಕ್ಷೆ. ಅರವತ್ತು ದಾಟಿದ ಆಕೆ ಊರಿಗೆಲ್ಲ ದೊಡ್ಡಮ್ಮ. "ಯಾರ ಹೊಟ್ಟೆಗೆ ಹೋಯ್ತು ಹೇಳ್ಬುಡು, ಬೈಯಲ್ಲ."

"ಯಾರ ಹೊಟ್ಟೆಗೂ ಹೋಗಿಲ್ಲ ದೊಡ್ಡಮ್ಮ. ಎರಡು ಬುಕ್ಕೂ ಎದ್ರುಗಿಟ್ಕೊಂಡು ಒಂದೊಂದು ಸಾಲೂ ತಾಳೆ ನೋಡ್ಬೇಕು. ನಾನು ಹಿಂದೂಪುರಕ್ಕೆ ಹೋಗ್ಬತ್ತೀನಿ, ಒಂದು ದಿನ ಬಿಡಿ ಸಾಕು."

"ಯಾರ ಖರ್ಚ್ನಾಗೆ?"

"ಹೆಂಗಸ್ರಿಗೆ ಬಸ್ಸು ಫ್ರೀ ಅಲ್ವಾ ದೊಡ್ಡಮ್ಮ."

"ಊಟ?"

ಊಟದ ಪ್ರಶ್ನೆಗೆ ಸಭೆ ನಿಂತಿತು. ಎಲ್ಲಿಯೂ ಕಳೆದಿಲ್ಲದ ಐವತ್ತು ಸಾವಿರದ ಬಗ್ಗೆ ಒಂದು ಗಂಟೆ ಚರ್ಚಿಸಿದ ಮಂಡಳಿ, ಎಂಬತ್ತು ರೂಪಾಯಿಯ ಊಟವನ್ನು ಮಂಜೂರು ಮಾಡಲಿಲ್ಲ. ಬದಲಿಗೆ, ವ್ಯತ್ಯಾಸ ಬಗೆಹರಿಯುವವರೆಗೆ ಗೌರವಧನ ತಡೆಹಿಡಿಯತಕ್ಕದ್ದು ಎಂಬ ನಿರ್ಣಯ ಬರೆಯಿತು. ಆ ವಾಕ್ಯವನ್ನು ರಚಿಸಿದವಳು ನಾನೇ. "ತಡೆಹಿಡಿಯತಕ್ಕದ್ದು" ಎಂಬ ಪದ ಆ ದಿನ ನನಗೆ ಬಹಳ ಗಂಭೀರವಾಗಿ ಕೇಳಿಸಿತು.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು, ಏಕೆಂದರೆ ಇದನ್ನು ಅರಿಯದೆ ಎಷ್ಟೋ ಸಂಸ್ಥೆಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಕಳ್ಳಿಯರೆನಿಸಿಕೊಂಡಿದ್ದಾರೆ. ಇಬ್ಬರ ಪುಸ್ತಕಗಳ ನಡುವಿನ ವ್ಯತ್ಯಾಸವೆಂದರೆ ಕಳೆದುಹೋದ ಹಣವಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬರೆದಿಲ್ಲ, ಅಥವಾ ಬೇರೆ ದಿನ ಬರೆದಿದ್ದಾರೆ, ಅಥವಾ ಬೇರೆ ಅಂಕಿ ಬರೆದಿದ್ದಾರೆ ಎಂದಷ್ಟೇ ಅದರ ಅರ್ಥ. ನಗದು ಪೆಟ್ಟಿಗೆಯನ್ನು ಎಣಿಸಿದ್ದರೆ ಹಣ ಸರಿಯಾಗಿಯೇ ಸಿಗುತ್ತಿತ್ತು. ಬ್ಯಾಂಕಿನ ಪುಸ್ತಕ ಸರಿಯಿತ್ತು. ನಾವು ಎಣಿಸಲಿಲ್ಲ.

ಅಕ್ಟೋಬರ್, ನವೆಂಬರ್, ಡಿಸೆಂಬರ್. ಅವಳು ದಿನವೂ ಹತ್ತು ಗಂಟೆಗೆ ಬಂದು, ಬಿಲ್ಲು ಬರೆದು, ಐದು ಗಂಟೆಗೆ ಹೋದಳು. ಬಿಡುವಿದ್ದಾಗ ಸೀರೆ ಸೆರಗಿಗೆ ಕುಚ್ಚು ಕಟ್ಟಿ ಮನೆ ನಡೆಸಿದಳೆಂದು ಆಮೇಲೆ ತಿಳಿಯಿತು. ಜನವರಿಯ ಸಭೆಯಲ್ಲಿ ಅವಳನ್ನು ಕೆಲಸದಿಂದ ಬಿಡಿಸುವ ವಿಷಯ ಕಾರ್ಯಸೂಚಿಗೆ ಬಂತು. ಆಗ ನನ್ನೊಳಗಿನ ಹೋರಾಟಗಾರ್ತಿ ಎಚ್ಚರಗೊಂಡಳು. ತಡವಾಗಿ ಎಚ್ಚರಗೊಂಡಳು, ಮತ್ತು ತಪ್ಪು ದಿಕ್ಕಿಗೆ ಮುಖ ಮಾಡಿ ಎಚ್ಚರಗೊಂಡಳು. ಇದು ಬಡ ಹೆಂಗಸರ ಸಂಘವನ್ನು ಮಂಡಿಯ ಬಂಡವಾಳ ಸುಲಿಯುವ ಪ್ರಕರಣವೆಂದು ನಾನು ತೀರ್ಮಾನಿಸಿದೆ.

"ನಾಳೆ ನಾವಿಬ್ಬರೂ ಹಿಂದೂಪುರಕ್ಕೆ ಹೋಗುತ್ತೇವೆ. ಊಟ ನನ್ನದು," ಎಂದು ಅವಳಿಗೆ ಹೇಳಿದೆ.

"ಬುಕ್ಕು, ಬಿಲ್ಲಿನ ಫೈಲು, ಬ್ಯಾಂಕಿನ ಸ್ಟೇಟ್‌ಮೆಂಟು, ಚೀಲದ ಚೀಟಿಗೋಳು ಎಲ್ಲಾ ತತ್ತೀನಿ ಅಕ್ಕಾ," ಎಂದಳು. ಮೂರು ತಿಂಗಳಿಂದ ಕಟ್ಟಿಟ್ಟುಕೊಂಡು ಕಾಯುತ್ತಿದ್ದಳೆಂದು ಕಾಣುತ್ತದೆ. ಐದೇ ನಿಮಿಷದಲ್ಲಿ ಗಂಟು ಎದುರಿಗಿತ್ತು.

ಬಸ್ಸಿನಲ್ಲಿ ಕಂಡಕ್ಟರ್ ಇಬ್ಬರಿಗೂ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟರು. ನಾನು ಮಂಡಿಯ ಸ್ಟೇಟ್‌ಮೆಂಟನ್ನೂ ನಮ್ಮ ಖಾತೆ ಪುಸ್ತಕವನ್ನೂ ತೊಡೆಯ ಮೇಲೆ ಹರಡಿಕೊಂಡೆ. ಪೆನುಕೊಂಡದಲ್ಲಿ ಬಸ್ಸು ನಿಲ್ಲುವಷ್ಟರಲ್ಲಿ ಮೋಸ ನನ್ನ ಕಣ್ಣಿಗೆ ಬಿದ್ದಿತ್ತು.

"ಇಲ್ಲಿ ನೋಡು!" ಎಂದೆ. ಸುತ್ತಲಿನವರೂ ನೋಡಿದರು. "ನಾವು ಜಮಾ ಕಡೆ ಬರೆದ ಪ್ರತಿಯೊಂದು ಬಿಲ್ಲನ್ನೂ ಇವರು ಖರ್ಚಿನ ಕಡೆ ಬರೆದಿದ್ದಾರೆ. ನಾವು ಖರ್ಚಿಗೆ ಹಾಕಿದ ಹಣವನ್ನೆಲ್ಲ ಜಮಾ ಮಾಡಿಕೊಂಡಿದ್ದಾರೆ. ಆರು ತಿಂಗಳು, ಒಂದು ಸಾಲೂ ಬಿಡದೆ!"

ಅವಳು ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಬೆನ್ನು ಸವರಿದೆ.

"ಅಳ್ತಿಲ್ಲ ಅಕ್ಕಾ," ಎಂದಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು. "ಅದು ಹಂಗೇ ಇರ್ಬೇಕು. ಅವ್ರು ನಮಗೆ ಕೊಟ್ಟಿದ್ದು ಅವ್ರ ಬುಕ್ನಾಗೆ ನಮ್ಮ ಹೆಸ್ರಿಗೆ ಖರ್ಚು, ನಮ್ಮ ಬುಕ್ನಾಗೆ ಅವ್ರ ಹೆಸ್ರಿಗೆ ಜಮಾ. ಕನ್ನಡಿ ಮುಂದೆ ನಿಂತ್ರೆ ಬಲಗೈ ಎಡಗೈ ಆಗಲ್ವಾ? ಹಂಗೆ. ಎರಡೂ ಕಡೆ ಒಂದೇ ಥರ ಇದ್ರೇನೇ ಮೋಸ."

ಮುಂದಿನ ಸೀಟಿನ ಮುದುಕಿಯೊಬ್ಬರು ತಿರುಗಿ ನೋಡಿ, "ಅಂತೇ ಕದಾ ಮರಿ," ಎಂದು ತೆಲುಗಿನಲ್ಲಿ ಒಪ್ಪಿಗೆ ಕೊಟ್ಟರು. ಆ ವಿಷಯದಲ್ಲಿ ಬಸ್ಸಿನಲ್ಲೆಲ್ಲ ನಾನೊಬ್ಬಳೇ ಅಜ್ಞಾನಿಯಾಗಿದ್ದಂತಿತ್ತು.

ಮಂಡಿಯಲ್ಲಿ ಹುಣಸೆಯ ಹುಳಿ ವಾಸನೆ ಮೂಗಿಗಿಂತ ಮೊದಲು ಹಲ್ಲಿಗೆ ತಾಗುತ್ತದೆ. ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದರು. ಪಕ್ಕದಲ್ಲಿ ಕಂಪ್ಯೂಟರಿನ ಮುಂದೆ ಅವರ ಗುಮಾಸ್ತರು. ಎಪ್ಪತ್ತರ ಹತ್ತಿರದ, ಕಿವಿಯಲ್ಲಿ ಕೆಂಪು ಪೆನ್ಸಿಲ್ ಸಿಕ್ಕಿಸಿಕೊಂಡ ಮನುಷ್ಯ. ನಾನು ಕುಳಿತುಕೊಳ್ಳಲಿಲ್ಲ. ನಿಂತೇ ಆರಂಭಿಸಿದೆ. ಸಣ್ಣ ಉತ್ಪಾದಕರ ಮೇಲೆ ಮಂಡಿಗಳ ಹಿಡಿತ, ತೂಕದಲ್ಲಿ ಕಡಿತ, ಹೆಂಗಸರ ದುಡಿಮೆಗೆ ಬೆಲೆಯಿಲ್ಲದಿರುವುದು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವುಗಳಲ್ಲಿ ಒಂದೂ ಸುಳ್ಳಲ್ಲ. ಇಂದಿಗೂ ಒಂದನ್ನೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಆ ದಿನದ ಕೆಲಸಕ್ಕೆ ಅವು ಸಂಬಂಧಪಟ್ಟಿರಲಿಲ್ಲ.

ಗುಮಾಸ್ತರು ಕೊನೆಯವರೆಗೂ ಕೇಳಿದರು. ಆಮೇಲೆ ಹೇಳಿದರು: "ಬೋ ಚೆನ್ನಾಗೈತೆ ಮೇಡಮ್ಮೋರೆ. ಕ್ರಾಂತಿ ಮಧ್ಯಾಹ್ನ ಮಾಡಾನ. ಈಗ ಟಿಕ್ ಹಾಕಾನ, ಕರೆಂಟು ಐತೆ."

ಯಜಮಾನರು ನಗು ತಡೆಯಲು ಕಾಫಿ ತರಿಸಿದರು.

ಕೆಲಸ ಆರಂಭವಾಯಿತು. ಗುಮಾಸ್ತರು ತಮ್ಮ ಸ್ಟೇಟ್‌ಮೆಂಟಿನ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದುವುದು: ತಾರೀಖು, ಬಿಲ್ಲಿನ ನಂಬರು, ಮೊತ್ತ. ನಮ್ಮವಳು ತನ್ನ ಪುಸ್ತಕದಲ್ಲಿ ಅದನ್ನು ಹುಡುಕಿ "ಐತೆ" ಎನ್ನುವುದು. ಇಬ್ಬರೂ ಟಿಕ್ ಹಾಕುವುದು. ಇಲ್ಲದಿದ್ದರೆ ಸುತ್ತು ಹಾಕಿ ಮುಂದಕ್ಕೆ ಹೋಗುವುದು. ನಾನು ನಡುವೆ ಮಾತನಾಡಿದರೆ ಇಬ್ಬರೂ ಒಟ್ಟಿಗೆ "ಶ್" ಎನ್ನುವುದು. ಇದನ್ನು ಯಾರೂ ಅವರಿಬ್ಬರಿಗೆ ಹೇಳಿಕೊಟ್ಟಿರಲಿಲ್ಲ. ಮೊದಲ ಸಲ ಭೇಟಿಯಾದವರು, ಹತ್ತು ನಿಮಿಷದಲ್ಲಿ ಜೋಡಿ ಒನಕೆಯಂತೆ ಲಯಕ್ಕೆ ಬಂದರು.

"ಜೂನ್ ಹದಿನಾಲ್ಕು, ಮೂವತ್ತೆಂಟು ಸಾವ್ರದ ಆರುನೂರ ನಲವತ್ತು."

"ನಮ್ಮಲ್ಲಿ ಮೂವತ್ತಾರು ಸಾವ್ರದ ಎಂಟುನೂರ ನಲವತ್ತು ಐತೆ."

"ಫರಕು ಸಾವ್ರದ ಎಂಟುನೂರು. ಒಂಬತ್ತರಲ್ಲಿ ಭಾಗ ಹೋಯ್ತದಾ?"

"ಹೋಯ್ತದೆ ತಾತ. ಇನ್ನೂರು ಸಲ."

"ಹಂಗಾರೆ ಅಂಕಿ ತಿರುವು ಮುರುವು ಆಗೈತೆ. ಬಿಲ್ಲು ತೆಗಿಯಮ್ಮ, ಯಾರ ತಪ್ಪು ಅಂತ ಅದೇ ಹೇಳ್ತದೆ."

ಬಿಲ್ಲಿನಲ್ಲಿ ಮೂವತ್ತೆಂಟು ಸಾವಿರದ ಆರುನೂರ ನಲವತ್ತೇ ಇತ್ತು. ಅವಳು ನಾಲಗೆ ಕಚ್ಚಿಕೊಂಡಳು. "ನಂದೇ ತಪ್ಪು. ಎಂಟು ಆರು ಅದಲು ಬದಲು ಬರ್ದ್ಬುಟ್ಟಿದೀನಿ. ಬರ್ಕೊಳಿ, ನಮ್ಮ ಕಡೆ ತಿದ್ದಬೇಕು." ಆರು ತಿಂಗಳಲ್ಲಿ ಅವಳ ಕೈಯಿಂದಾದ ಅಂಕಿಯ ತಪ್ಪು ಅದೊಂದೇ. ಅದನ್ನು ಅವಳು ಒಪ್ಪಿಕೊಂಡ ರೀತಿಯನ್ನು ನಾನು ಎಷ್ಟೋ ಮಂತ್ರಿಗಳಲ್ಲಿ ಹುಡುಕಿದ್ದೇನೆ, ಕಂಡಿಲ್ಲ.

ಸ್ಟೇಟ್‌ಮೆಂಟಿನ ಕೊನೆಯ ಬಿಲ್ಲು ಸೆಪ್ಟೆಂಬರ್ ಮೂವತ್ತರದು, ಇಪ್ಪತ್ತೆಂಟು ಸಾವಿರದ ಇನ್ನೂರು. ನಮ್ಮ ಸೆಪ್ಟೆಂಬರಿನಲ್ಲಿ ಅದಿರಲಿಲ್ಲ.

"ನೋಡಿದಿರಾ!" ಎಂದೆ.

"ಶ್," ಎಂದರು ಇಬ್ಬರೂ.

ಅವಳು ಪುಟ ತಿರುವಿದಳು. ಅಕ್ಟೋಬರ್ ಮೂರು, ಅದೇ ಬಿಲ್ಲಿನ ನಂಬರು, ಇಪ್ಪತ್ತೆಂಟು ಸಾವಿರದ ಇನ್ನೂರು. ಮಂಡಿಯವರು ಲಾರಿಗೆ ಹೇರಿದ ದಿನ ಬರೆಯುತ್ತಾರೆ. ನಾವು ಸರಕು ಬಂದು ತೂಕವಾದ ಮೇಲೆ ಬರೆಯುತ್ತೇವೆ. ಲಾರಿ ಬಂದದ್ದು ಗಾಂಧಿ ಜಯಂತಿಯ ರಜೆಯಲ್ಲಿ, ತೂಗಿದ್ದು ಮರುದಿನ. ತಪ್ಪು ಯಾರದೂ ಅಲ್ಲ, ದಿನದ ಅಂತರ ಅಷ್ಟೆ. ಅಂದರೆ ನಾವು ಕಳುವಾಯಿತೆಂದು ಕೂಗಾಡಿದ ಮೊತ್ತದಲ್ಲಿ ಅರ್ಧಕ್ಕಿಂತ ಹೆಚ್ಚು, ಒಂದು ಪುಟದ ಆಚೆ ಸುಮ್ಮನೆ ಮಲಗಿತ್ತು. ಐದು ಜನ ವಿದ್ಯಾವಂತ, ಅರೆವಿದ್ಯಾವಂತ ಹೆಂಗಸರಲ್ಲಿ ಒಬ್ಬಳಿಗೂ ಆ ಪುಟ ತಿರುವಲು ತೋಚಲಿಲ್ಲ. ಇದು ಅಜ್ಞಾನವಲ್ಲ, ಉದಾಸೀನ. ಅಧಿಕಾರವಿರುವವರ ಉದಾಸೀನಕ್ಕೆ ಹಿಂಸೆ ಎಂಬ ಹೆಸರೂ ಇದೆ.

ಇನ್ನು ನಮ್ಮ ಪುಸ್ತಕದ ಸರದಿ. ನಮ್ಮಲ್ಲಿದ್ದು ಅವರಲ್ಲಿಲ್ಲದ ಸಾಲುಗಳು ಎರಡು ಉಳಿದಿದ್ದವು. ಮೊದಲನೆಯದು ಆಗಸ್ಟಿನಲ್ಲಿ ಬ್ಯಾಂಕಿನಿಂದ ಕಳಿಸಿದ ಹದಿನಾರು ಸಾವಿರ.

"ಬಂದಿಲ್ಲ," ಎಂದರು ಗುಮಾಸ್ತರು.

"ಹೋಗೈತೆ ತಾತ. ಬ್ಯಾಂಕಿನ ಪೇಪರ್ ನೋಡಿ, ನಂಬರೂ ಐತೆ."

ಗುಮಾಸ್ತರು ತಮ್ಮ ಬ್ಯಾಂಕಿನ ಪುಸ್ತಕ ತೆರೆದು ಆ ನಂಬರು ಹುಡುಕಿದರು. ಹಣ ಅದೇ ದಿನ ಬಂದಿತ್ತು. ಆದರೆ ಕಲ್ಯಾಣದುರ್ಗದ ಒಂದು ಹೋಟೆಲಿನವರ ಹೆಸರಿಗೆ ಜಮಾ ಆಗಿತ್ತು. ಕಂಪ್ಯೂಟರಿನಲ್ಲಿ ಗಿರಾಕಿಗಳ ಪಟ್ಟಿ ಊರಿನ ಹೆಸರಿನಿಂದ ಆರಂಭವಾಗುತ್ತದೆ. ಕಲ್ಯಾಣದುರ್ಗ ಎಂದು ಒತ್ತಿದರೆ ಮೊದಲು ಬರುವುದು ಹೋಟೆಲು, ಎರಡನೆಯದು ನಮ್ಮ ಸಂಘ. ಗುಮಾಸ್ತರ ಬೆರಳು ಮೊದಲನೆಯದರಲ್ಲೇ ನಿಂತಿತ್ತು.

ಯಜಮಾನರು ಮೊದಲ ಬಾರಿಗೆ ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ಆ ಹೋಟ್ಲೋನು ಒಂದು ಮಾತೂ ಹೇಳ್ಲಿಲ್ಲವಲ್ಲ!"

"ಬಾಕಿ ಕಮ್ಮಿ ಆಯ್ತು ಅಂತ ಯಾರಾದ್ರೂ ಜಗಳಕ್ಕೆ ಬತ್ತಾರಾ ಯಜಮಾನ್ರೇ? ದೀಪಾವಳಿಗೆ ಎರಡು ಕೇಜಿ ಮೈಸೂರ್ ಪಾಕ್ ಕಳ್ಸಿದ್ನಲ್ಲ. ನಿಮ್ಮ ವ್ಯಾಪಾರದ ಮರ್ಯಾದೆ ಅಂದ್ಕೊಂಡ್ರಿ."

"ನೀನೂ ತಿಂದೆ ಕಣಯ್ಯ."

"ತಿಂದೆ. ನಮ್ಮ ಲೆಕ್ಕದ ತಪ್ಪಿನ ರುಚಿ ಅಂತ ಗೊತ್ತಿರ್ಲಿಲ್ಲ."

ಯಜಮಾನರು ಹೋಟೆಲಿನ ಖಾತೆಯಿಂದ ಆ ಹದಿನಾರು ಸಾವಿರವನ್ನು ತೆಗೆಸಿ ನಮ್ಮ ಖಾತೆಗೆ ಜಮಾ ಮಾಡಿಸಿದರು, ಕ್ಷಮೆಯನ್ನೂ ಕೇಳಿದರು. ನನ್ನ ಕಡೆಗೆ ತಿರುಗಿ ಅಲ್ಲ, ಅವಳ ಕಡೆಗೆ ತಿರುಗಿ. ಈಗ ಅವರ ಲೆಕ್ಕ ಒಂದು ಲಕ್ಷ ನಲವತ್ತೇಳು ಸಾವಿರದ ನಾನೂರ ಐವತ್ತಕ್ಕೆ ಇಳಿಯಿತು. ಜೂನ್ ಅಂಕಿ ತಿದ್ದಿ, ಸೆಪ್ಟೆಂಬರ್ ಮೂವತ್ತರ ಬಿಲ್ಲನ್ನೂ ಸೇರಿಸಿದರೆ ನಮ್ಮದು ಒಂದು ಲಕ್ಷ ನಲವತ್ತೆರಡು ಸಾವಿರದ ಆರುನೂರ ಐವತ್ತಕ್ಕೆ ಏರಿತು. ಉಳಿದದ್ದು ನಾಲ್ಕು ಸಾವಿರದ ಎಂಟುನೂರು. ಸುತ್ತು ಹಾಕಿದ ಒಂದೇ ಸಾಲು: ಮೇ ತಿಂಗಳು, ವಾಪಸು ಕಳಿಸಿದ ಖಾಲಿ ಚೀಲ ನೂರಿಪ್ಪತ್ತು, ಚೀಲಕ್ಕೆ ನಲವತ್ತರಂತೆ.

ಹುಣಸೆ ತುಂಬಿ ಬರುವ ಗೋಣಿಚೀಲಕ್ಕೆ ಮಂಡಿಯವರು ಬಿಲ್ಲಿನಲ್ಲೇ ನಲವತ್ತು ರೂಪಾಯಿ ಹಾಕುತ್ತಾರೆ. ಖಾಲಿ ಚೀಲ ಹಿಂದಿರುಗಿಸಿದರೆ ಆ ಹಣವನ್ನು ನಮ್ಮ ಖಾತೆಗೆ ಬಿಡುತ್ತಾರೆ. ಚೀಲ ಬಂದಾಗಲೆಲ್ಲ ಈ ಗುಮಾಸ್ತರು ಐದೈದಾಗಿ ಎಣಿಸಿ, ಒಂದು ಹಳದಿ ಚೀಟಿ ಹರಿದು ಕೊಡುತ್ತಾರೆ. ನಮ್ಮವಳ ಬಳಿ ಬೇರೆಲ್ಲ ತಿಂಗಳ ಹಳದಿ ಚೀಟಿಗಳಿದ್ದವು. ಮೇ ತಿಂಗಳದು ಮಾತ್ರ ಇರಲಿಲ್ಲ.

"ನನ್ನ ಚೀಟಿ ಇಲ್ದಿದ್ರೆ ಚೀಲ ಬಂದಿಲ್ಲ ಅಂತ ಅರ್ಥ ಕಣಮ್ಮ," ಎಂದರು ಗುಮಾಸ್ತರು. ಮೊದಲ ಬಾರಿಗೆ ಅವರ ದನಿ ಮೆತ್ತಗಾಯಿತು. "ಚೀಟಿ ಬರದೆ ನೀನು ಹೆಂಗೆ ಬರ್ಕೊಂಡೆ? ನಿನ್ನಂಥೋಳು?"

ಅವಳು ಫೈಲಿನ ತಳದಿಂದ ನಮ್ಮ ಸಂಘದ್ದೇ ಒಂದು ಬಿಳಿ ಚೀಟಿ ತೆಗೆದಳು. ಚೀಲಗಳು ನಮ್ಮ ಬಾಗಿಲು ದಾಟಿದಾಗ ಬರೆಯುವ ಚೀಟಿ ಅದು. ನೂರಿಪ್ಪತ್ತು ಖಾಲಿ ಚೀಲ, ಹಿಂದೂಪುರ ಮಂಡಿಗೆ; ಪಡೆದುಕೊಂಡವರ ಸಹಿ. ಸಹಿ ಉದ್ದವಾಗಿತ್ತು, ಕೆಳಗೆ ಎರಡು ಗೆರೆ ಎಳೆದಿತ್ತು. ಅಂಥ ಸಹಿಯನ್ನು ಮನವಿಪತ್ರಗಳ ಕೊನೆಯಲ್ಲಿ ಮಾತ್ರ ಹಾಕುತ್ತಾರೆ.

"ನೀವೇ ತಗೊಂಡೋದ್ರಲ್ಲ ಅಕ್ಕಾ," ಎಂದಳು ಬಹಳ ಮೆಲ್ಲಗೆ. "ಆಟೋಗೆ ಹಾಕ್ಸಿ, 'ನಾನೇ ಕಳಿಸ್ತೀನಿ, ನೀನು ಬರ್ಕೋ' ಅಂದ್ರಿ. ನೀವು ಹೇಳಿದ್ಮೇಲೆ ಹಳದಿ ಚೀಟಿ ಕೇಳೋದು ಹೆಂಗೆ ಅಂತ ಬರ್ಕೊಂಡೆ."

ನನಗೆ ಏನೂ ನೆನಪಾಗಲಿಲ್ಲ. ಪ್ರಾಮಾಣಿಕವಾಗಿ ಹೇಳುತ್ತೇನೆ, ಏನೂ ಇಲ್ಲ. ಆಗ ಯಜಮಾನರು ತಮ್ಮ ಫೋನಿನಲ್ಲಿ ಏನನ್ನೋ ಹುಡುಕತೊಡಗಿದರು. "ಮೇ ತಿಂಗ್ಳಾ? ನಿಮ್ದೊಂದು ಫೋಟೋ ಎಲ್ರಿಗೂ ಬಂದಿತ್ತು ಮೇಡಂ. ನಾನೂ ನಾಕು ಜನಕ್ಕೆ ಕಳ್ಸಿದ್ದೆ. ಚೆನ್ನಾಗಿ ಬಂದಿದ್ರಿ."

ಕಲ್ಯಾಣದುರ್ಗದ ಒಂದು ಕಚೇರಿಯ ಮುಂದೆ, ಮೇ ತಿಂಗಳ ಬಿಸಿಲಿನಲ್ಲಿ, ನಾನು ಮೈಕು ಹಿಡಿದು ನಿಂತಿದ್ದೆ. ಗುತ್ತಿಗೆಯ ಕಸಗುಡಿಸುವ ಹೆಂಗಸರ ಕೂಲಿಯನ್ನು ಎರಡು ತಿಂಗಳು ತಡೆಹಿಡಿದದ್ದರ ವಿರುದ್ಧ ನಾನೇ ಕೂಡಿಸಿದ್ದ ಧರಣಿ. ನೆಲ ಸುಡುತ್ತಿತ್ತೆಂದು ಹೆಂಗಸರೆಲ್ಲ ಗೋಣಿಚೀಲಗಳ ಮೇಲೆ ಕುಳಿತಿದ್ದರು. ಗುಮಾಸ್ತರು ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದರು. ಪ್ರತಿ ಚೀಲದ ಮೂಲೆಯಲ್ಲೂ ಮಂಡಿಯ ಕೆಂಪು ಬಣ್ಣದ ಗುರುತು.

"ಐದು, ಹತ್ತು, ಹದಿನೈದು," ಎಂದು ಎಣಿಸತೊಡಗಿದರು. "ಈ ದಪ್ಪಮ್ಮ ಎರಡರ ಮೇಲೆ ಕುಂತವ್ರೆ. ಇಪ್ಪತ್ತೆರಡು..."

"ಸಾಕು ಬಿಡಯ್ಯ," ಎಂದರು ಯಜಮಾನರು.

"ಚೀಲ ಎಲ್ಲೋಯ್ತು ಅಂತ ಗೊತ್ತಾಗ್ಬೇಕಲ್ಲ ಯಜಮಾನ್ರೇ, ತೋರಿಸ್ತಾ ಇದೀನಿ. ಕ್ರಾಂತಿ ಕೆಳಗೈತೆ."

ನಾನು ಆಗ ಕುರ್ಚಿಯಲ್ಲಿ ಕುಳಿತೆ. ಧರಣಿ ಗೆದ್ದಿತ್ತು, ಆ ಹೆಂಗಸರಿಗೆ ಕೂಲಿ ಸಿಕ್ಕಿತ್ತು. ಗೆಲುವಿನ ಸಂಭ್ರಮದಲ್ಲಿ ಚೀಲ ಮಡಚಿಕೊಂಡು ಯಾರು ಯಾವ ಊರಿಗೆ ಹೋದರೋ ನೋಡಿರಲಿಲ್ಲ. ಕೂಲಿ ತಡೆಹಿಡಿಯುವುದು ಅಪರಾಧವೆಂದು ಅದೇ ಚೀಲಗಳೆದುರು ಕೂಗಿದ ನಾನು, ಐದು ತಿಂಗಳ ಬಳಿಕ ಅದೇ ಚೀಲಗಳಿಗಾಗಿ ಒಬ್ಬಳ ಕೂಲಿ ತಡೆಹಿಡಿಯಲು ಕೈ ಎತ್ತಿದ್ದೆ.

"ಹೋಗ್ಲಿ ಬಿಡಿ ಅಕ್ಕಾ," ಎಂದಳು ಅವಳು. "ಚೀಟಿ ಕೇಳ್ದೆ ಬರ್ದಿದ್ದು ನಂದೂ ತಪ್ಪೇ."

"ನಿನ್ನ ತಪ್ಪಲ್ಲ ಕಣಮ್ಮ," ಎಂದರು ಗುಮಾಸ್ತರು. "ದೊಡ್ಡೋರು ಸೈನ್ ಹಾಕ್ದಾಗ ಚಿಕ್ಕೋರು ಚೀಟಿ ಕೇಳ್ಬಾರ್ದು ಅಂತ ಮಾಡಿಟ್ಟಾರಲ್ಲ, ಅವ್ರ ತಪ್ಪು. ಆದ್ರೂ ಇನ್ಮೇಲೆ ಕೇಳು. ನಮ್ಮ ಯಜಮಾನ್ರನ್ನೂ ಕೇಳ್ತೀನಿ ನಾನು."

"ಕೇಳ್ತಾನೆ," ಎಂದರು ಯಜಮಾನರು ದುಃಖದಿಂದ.

ಒಂದು ಹಾಳೆಯಲ್ಲಿ ನಾಲ್ಕೂ ಸಾಲುಗಳನ್ನು ಬರೆದರು. ಮೇಲೆ ಅವರ ಬಾಕಿ, ಕೆಳಗೆ ನಮ್ಮ ಬಾಕಿ, ನಡುವೆ ಯಾವುದು ಯಾರ ಪುಸ್ತಕದಲ್ಲಿ ಏಕೆ ತಿದ್ದಬೇಕೆಂಬ ಕಾರಣ. ಚೀಲದ ಸಾಲನ್ನು ನಮ್ಮ ಪುಸ್ತಕದಲ್ಲಿ ರದ್ದು ಮಾಡುವುದೆಂದಾಯಿತು. ಆಗ ಎರಡೂ ಕಡೆ ಒಂದೇ ಮೊತ್ತ ನಿಂತಿತು: ಒಂದು ಲಕ್ಷ ನಲವತ್ತೇಳು ಸಾವಿರದ ನಾನೂರ ಐವತ್ತು. ಹಾಳೆಯ ಕೆಳಗೆ ಗುಮಾಸ್ತರು ಸಹಿ ಮಾಡಿದರು, ಅವಳು ಸಹಿ ಮಾಡಿದಳು. ನನಗೆ ಪೆನ್ನು ಚಾಚಿದಾಗ ಇಬ್ಬರೂ ನನ್ನ ಕೈಯನ್ನೇ ನೋಡುತ್ತಿದ್ದರು. ಸಣ್ಣದಾಗಿ, ಗೆರೆ ಎಳೆಯದೆ ಸಹಿ ಮಾಡಿದೆ. ಎಲ್ಲವೂ ಎರಡು ಗಂಟೆ ಇಪ್ಪತ್ತು ನಿಮಿಷದ ಕೆಲಸ. ಅದಕ್ಕೆ ಮೊದಲು ಮೂರು ತಿಂಗಳು ಕಳೆದಿದ್ದವು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮರುವಾರದ ಸಭೆಯಲ್ಲಿ ಆ ಹಾಳೆಯನ್ನು ಓದಿ ಹೇಳಿದೆ, ನನ್ನ ಸಹಿಯ ಬಿಳಿ ಚೀಟಿಯನ್ನೂ ಮುಂದಿಟ್ಟೆ. ಅಧ್ಯಕ್ಷೆ ಅದನ್ನು ಎತ್ತಿ ಕನ್ನಡಕದೊಳಗಿಂದ ನೋಡಿದರು.

"ಕೆಂಪು ಗುರ್ತಿನ ಚೀಲವಾ? ಧರಣಿದಾ?" ಎಂದರು. "ಅವು ನಾಕು ನಮ್ಮನೇಲಿ ಅವೆ. ಕಡಲೆಕಾಯಿ ಒಣಗಾಕಿವ್ನಿ."

ಎಲ್ಲರೂ ನಕ್ಕರು. ಇನ್ನೊಬ್ಬರ ಮನೆಯಲ್ಲಿ ಎರಡು, ಮತ್ತೊಬ್ಬರ ಎಮ್ಮೆಯ ಕೆಳಗೆ ಒಂದು ಇರುವುದು ಬೆಳಕಿಗೆ ಬಂತು. ಲೆಕ್ಕದವಳೂ ನಕ್ಕಳು. ನಗು ನಿಂತ ಮೇಲೆ ಅವಳು ಕೇಳಿದಳು: "ದೊಡ್ಡಮ್ಮ, ನನ್ನ ದುಡ್ಡು?"

"ಲೆಕ್ಕ ಸರಿ ಹೋಯ್ತಲ್ಲ ಕಣಮ್ಮ, ಕೆಲ್ಸ ಉಳೀತು. ದುಡ್ಡಿನ್ ಇಸ್ಯ ಮುಂದಿನ್ ಮೀಟಿಂಗ್ನಾಗೆ ನೋಡಾನ."

"ಮಗ್ಗದಾಗೆ ಎಳೆ ಕಿತ್ತೋದ್ರೆ ಹುಡುಕಿ ಗಂಟು ಹಾಕ್ತೀವಿ ದೊಡ್ಡಮ್ಮ," ಎಂದಳು ಅವಳು. "ಹುಡುಕ್ದೆ ನೇಕಾರನ್ನ ಉಪಾಸ ಕೆಡವಲ್ಲ." ಪುಸ್ತಕ ಮುಚ್ಚಿ ಎದ್ದು ಹೋದಳು. ಮರುದಿನ ಹತ್ತು ಗಂಟೆಗೆ ಮತ್ತೆ ಬಂದಳು. ಮುಂದಿನ ಸಭೆ ಎರಡು ಸಲ ಮುಂದಕ್ಕೆ ಹೋಗಿದೆ.

ಆದ್ದರಿಂದ ಕಲ್ಯಾಣದುರ್ಗದ ನಮ್ಮ ಸಂಘದ ಆಡಳಿತ ಮಂಡಳಿಯ ಐವರಿಗೆ, ಅಂದರೆ ಅಧ್ಯಕ್ಷೆಗೆ, ಮೂವರು ಸದಸ್ಯೆಯರಿಗೆ ಮತ್ತು ನನಗೆ, ನನ್ನ ಒತ್ತಾಯ ಇದು. ಅವಳ ಮೂರು ತಿಂಗಳ ಹದಿನೆಂಟು ಸಾವಿರ ರೂಪಾಯಿ ಈ ಶನಿವಾರ ಬ್ಯಾಂಕು ಮುಚ್ಚುವುದರೊಳಗೆ ಅವಳ ಖಾತೆಗೆ ಹೋಗಬೇಕು, ಮತ್ತು ಅದನ್ನು ಪುಸ್ತಕದಲ್ಲಿ ಸಂಬಳ ಎಂದೇ ಬರೆಯಬೇಕು. ಯಾವ ನಡಾವಳಿ ಪುಸ್ತಕದಲ್ಲಿ ನಾನು "ತಡೆಹಿಡಿಯತಕ್ಕದ್ದು" ಎಂದು ಬರೆದೆನೋ ಅದರಲ್ಲೇ, ಆ ನಿರ್ಣಯ ತಪ್ಪಾಗಿತ್ತೆಂದೂ ತಪ್ಪು ನಮ್ಮದೆಂದೂ ಬರೆದು ಐವರೂ ಸಹಿ ಮಾಡಿ, ಅವಳ ಎದುರಿನಲ್ಲಿ ಗಟ್ಟಿಯಾಗಿ ಓದಬೇಕು. ಚೀಲದ ನಾಲ್ಕು ಸಾವಿರದ ಎಂಟುನೂರನ್ನು ನಾನು ಕಟ್ಟಿದ್ದೇನೆ. ರಸೀದಿ ಅವಳ ಬಳಿ ಇದೆ. ಇನ್ನು ಮುಂದೆ ಮಂಡಿಯ ಸ್ಟೇಟ್‌ಮೆಂಟನ್ನು ಪ್ರತಿ ತಿಂಗಳೂ ಸಾಲು ಸಾಲಾಗಿ ತಾಳೆ ನೋಡಲು ಅವಳಿಗೆ ಒಂದು ದಿನವನ್ನೂ ಊಟದ ಎಂಬತ್ತು ರೂಪಾಯಿಯನ್ನೂ ಮಂಜೂರು ಮಾಡಬೇಕು, ಮತ್ತು ಮಂಡಿಯ ಹಳದಿ ಚೀಟಿಯಿಲ್ಲದೆ ಒಂದು ಚೀಲವನ್ನೂ ವಾಪಸಾಯಿತೆಂದು ಬರೆಯಿಸಬಾರದು, ಸಹಿ ಹಾಕಿದವಳು ನಾನೇ ಆದರೂ.